ಒಂದೇ ಕಿವಿ ಮಂದವಾದಾಗ: ಅಕೂಸ್ಟಿಕ್ ನ್ಯೂರೋಮಾ ಪತ್ತೆ ಮತ್ತು ಮುಂದಿನ ಮೂರು ದಾರಿಗಳು

ನಮ್ಮ ಸೋದರಮಾವ ಮದ್ದೂರಿನ ಹತ್ತಿರ ಆಲೆಮನೆ ನಡೆಸುತ್ತಾರೆ. ಒಮ್ಮೆ ಹಬ್ಬಕ್ಕೆ ಮೈಸೂರಿಗೆ ಬಂದಿದ್ದಾಗ ಊಟದ ನಡುವೆ ಅವರ ಫೋನ್ ಬಡಿದುಕೊಂಡಿತು. ಬಲಗೈ ಎಂಜಲಾಗಿತ್ತು. ಎಡಗೈಯಲ್ಲಿ ಫೋನ್ ಎತ್ತಿದವರು ಪಕ್ಕದಲ್ಲೇ ಇದ್ದ ಎಡಗಿವಿಯನ್ನು ಬಿಟ್ಟು, ಗಲ್ಲದ ಕೆಳಗಿಂದ ಕೈ ಬಳಸಿ ಬಲಗಿವಿಗೆ ಹಿಡಿದರು.

"ಈ ಕಿವಿಗೆ ಏನಾಗಿದೆ ಮಾವ?" ಎಂದೆ.

"ಸದ್ದು ಕೇಳ್ತದೆ ಕನವ್ವ, ಏನಂದ್ರು ಅಂತ ಗೊತ್ತಾಗಕಿಲ್ಲ. ರಾತ್ರಿ ಮಲಗಿದ್ರೆ ಒಳಗೆ ಜೀರುಂಡೆ ಕೂತಂಗೆ ಕಿರ್ ಅಂತದೆ. ಗಾಣದ ಸದ್ದು, ಇನ್ನೇನು."

ನಾನು ಕಿವಿ ಪರೀಕ್ಷೆಯ ಕೆಲಸದವಳು, ಆಡಿಯಾಲಜಿಸ್ಟ್. ಮಾವ ಹೇಳಿದ ಆ ಎರಡು ಮಾತು ನನಗೆ ಸರಿ ಬರಲಿಲ್ಲ. ಗಾಣದ ಎಂಜಿನ್ ಸದ್ದು ಕಿವಿ ಕೆಡಿಸುವುದು ನಿಜ, ಆದರೆ ಅದು ಎರಡೂ ಕಿವಿಯನ್ನು ಹೆಚ್ಚುಕಡಿಮೆ ಒಂದೇ ಸಮ ಕೆಡಿಸುತ್ತದೆ. ವಯಸ್ಸೂ ಹಾಗೆಯೇ. ಒಂದೇ ಕಿವಿ ಹಿಂದೆ ಬಿದ್ದರೆ ಅದಕ್ಕೊಂದು ಬೇರೆ ಕಾರಣ ಹುಡುಕಬೇಕು. ಇನ್ನು ಸದ್ದು ಕೇಳಿ ಮಾತು ತಿಳಿಯದೆ ಹೋಗುವುದು, ಕಿವಿಯೊಳಗಿನ ಶಂಖಕ್ಕಿಂತ ಅಲ್ಲಿಂದ ಮಿದುಳಿಗೆ ಹೋಗುವ ನರದ ಕಡೆ ಬೆರಳು ತೋರಿಸುತ್ತದೆ. ಆ ನರಕ್ಕೆ ಒತ್ತಿಕೊಂಡು ಬೆಳೆಯುವ ಗೆಡ್ಡೆಗೇ ಅಕೂಸ್ಟಿಕ್ ನ್ಯೂರೋಮಾ ಎನ್ನುವುದು.

ಮುಂದೆ ಬರೆದಿರುವುದು ಆ ಹಬ್ಬದ ದಿನದಿಂದ ಸುಮಾರು ಆರು ವರ್ಷದ ದಾರಿ. ಮಾವನ ಅಂಕಿಗಳನ್ನು ಇಟ್ಟುಕೊಂಡೇ ಹೇಳುತ್ತೇನೆ. ನಿಮ್ಮ ಅಂಕಿ ಬೇರೆ ಇದ್ದರೆ ನಿಮ್ಮ ತೀರ್ಮಾನವೂ ಬೇರೆ ಆಗಬಹುದು.

ಮೊದಲು ಆಡಿಯೋಗ್ರಾಮ್, ಅದರಲ್ಲಿ ಮಾತಿನ ಪರೀಕ್ಷೆ

ಇಎನ್‌ಟಿ ವೈದ್ಯರು ಮೊದಲು ಕಿವಿಯೊಳಗೆ ನೋಡಿ ಗುಗ್ಗೆ, ಸೋಂಕು, ತಮಟೆಯ ತೂತು ಇಲ್ಲವೆಂದು ಖಚಿತ ಮಾಡಿಕೊಳ್ಳುತ್ತಾರೆ. ಆಮೇಲೆ ಆಡಿಯೋಗ್ರಾಮ್. ಮೈಸೂರು ಸೀಮೆಯವರಿಗೆ ಇದೊಂದು ಅನುಕೂಲ: ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಊರವರ ಬಾಯಲ್ಲಿ ಅದು 'ಸ್ಪೀಚ್ ಅಂಡ್ ಹಿಯರಿಂಗ್'. ಮಂಡ್ಯದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಪರೀಕ್ಷೆ ಮುಗಿಸಿ ಸಂಜೆಗೆ ಮನೆ ಸೇರಬಹುದು.

ಎಲ್ಲಿ ಮಾಡಿಸಿದರೂ ಒಂದು ವಿಷಯ ಕೇಳಿ. ಬರೀ 'ಪೀಂ ಪೀಂ' ಸದ್ದಿನ ಪರೀಕ್ಷೆ ಸಾಲದು, ಮಾತಿನ ಪರೀಕ್ಷೆಯೂ ಬೇಕು. ಆರಾಮಾಗಿ ಕೇಳುವಷ್ಟು ಜೋರಾಗಿ ಪದಗಳನ್ನು ಹೇಳಿ, ನೂರಕ್ಕೆ ಎಷ್ಟನ್ನು ಸರಿಯಾಗಿ ತಿರುಗಿ ಹೇಳಿದಿರಿ ಎಂದು ನೋಡುವ ಪರೀಕ್ಷೆ ಅದು. ಕನ್ನಡ ಮಾತಾಡುವವರಿಗೆ ಕನ್ನಡ ಪದಗಳಲ್ಲೇ ಆಗಬೇಕು. ಬೇರೆ ಭಾಷೆಯ ಪಟ್ಟಿ ಓದಿ ಬರೆದ ಅಂಕಕ್ಕೆ ಬೆಲೆಯಿಲ್ಲ.

ಮಾವನಿಗೆ ಆಗ 54 ವರ್ಷ. ಬಲಗಿವಿಯ ಸರಾಸರಿ 22 ಡೆಸಿಬೆಲ್, ಮಾತಿನ ಅಂಕ 96. ಎಡಗಿವಿಯ ಸರಾಸರಿ 38 ಡೆಸಿಬೆಲ್, ಮಾತಿನ ಅಂಕ 56. ಡೆಸಿಬೆಲ್ ಅಂಕಿ ಹೆಚ್ಚಾದಷ್ಟೂ ಕೇಳುವುದು ಕಡಿಮೆ ಎಂಬುದು ನೆನಪಿರಲಿ. 38 ಎಂದರೆ ದೊಡ್ಡ ಕಿವುಡೇನಲ್ಲ. ಅಷ್ಟು ಕೇಳುವ ಕಿವಿ ಸಾಮಾನ್ಯವಾಗಿ ನೂರಕ್ಕೆ 80ಕ್ಕಿಂತ ಹೆಚ್ಚು ಪದ ಹಿಡಿಯುತ್ತದೆ. 56ಕ್ಕೆ ಇಳಿದದ್ದು ಲೆಕ್ಕಕ್ಕೆ ಮೀರಿದ ಇಳಿತ. ರೋಗಿ ಕೈಗೆ ಬಂದ ಹಾಳೆಯಲ್ಲಿ ಮೊದಲು ನೋಡಬೇಕಾದದ್ದು ಈ ಹೊಂದಾಣಿಕೆ ಇಲ್ಲದ ಜೋಡಿಯನ್ನು. ಎರಡನೆಯದು ಎಡ-ಬಲದ ಅಂತರ. ಅಕ್ಕಪಕ್ಕದ ಎರಡು ಸ್ವರಗಳಲ್ಲಿ 15 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದು, ಅದಕ್ಕೆ ಬೇರೆ ಕಾರಣ ಸಿಗದಿದ್ದರೆ ಎಂಆರ್‌ಐ ಬೇಕೇ ಎಂದು ಕೇಳುವುದು ನ್ಯಾಯ.

ಹೀಗೆ ಕೇಳಿ ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಗೆಡ್ಡೆ ಸಿಗುವುದು ನೂರಕ್ಕೆ ಬೆರಳೆಣಿಕೆಯಷ್ಟು ಮಂದಿಗೆ ಮಾತ್ರ. ಆದ್ದರಿಂದ ಆಡಿಯೋಗ್ರಾಮ್ ನೋಡಿಯೇ ಮನೆಯಲ್ಲಿ ಅಳು ಶುರುಮಾಡಬೇಕಿಲ್ಲ.

ಇಲ್ಲಿ ಜನ ದಾರಿ ತಪ್ಪುವ ಜಾಗಗಳು ಎರಡು. ಒಂದು, ಕಿವಿ ದಿಢೀರನೆ ಮಂದವಾದ ಸಂದರ್ಭ. ನಿದ್ದೆಯಿಂದ ಎದ್ದಾಗ ಒಂದು ಕಿವಿ ಮುಚ್ಚಿಹೋದಂತಾಗಿ ಕೇಳದಿದ್ದರೆ ಅದು ತುರ್ತು. ಎರಡು ವಾರದೊಳಗೆ, ಆದಷ್ಟು ಬೇಗ, ಸ್ಟೀರಾಯ್ಡ್ ಚಿಕಿತ್ಸೆ ಶುರುವಾಗಬೇಕು. ಸ್ಟೀರಾಯ್ಡ್‌ನಿಂದ ಕಿವಿ ವಾಪಸ್ ಬಂತು ಅಂದಮೇಲೆ ಎಲ್ಲರೂ ಸ್ಕ್ಯಾನ್ ಮರೆಯುತ್ತಾರೆ. ಆದರೆ ಗೆಡ್ಡೆ ಇರುವವರಲ್ಲೂ ಹಾಗೆ ಹೋಗಿ ಹಾಗೆ ಬರುವುದುಂಟು. ಕಿವಿ ಸರಿಹೋಗಿದ್ದರೂ ಎಂಆರ್‌ಐ ಬಾಕಿಯೇ.

ಇನ್ನೊಂದು, ಬೆರಾ ಪರೀಕ್ಷೆ. ತಲೆಗೆ ವೈರು ಅಂಟಿಸಿ, ಸದ್ದು ನರದಲ್ಲಿ ಎಷ್ಟು ಬೇಗ ಸಾಗುತ್ತದೆ ಎಂದು ಅಳೆಯುವ ಈ ಪರೀಕ್ಷೆ ದೊಡ್ಡ ಗೆಡ್ಡೆಗಳನ್ನು ಚೆನ್ನಾಗಿ ಹಿಡಿಯುತ್ತದೆ. ಒಂದು ಸೆಂಟಿಮೀಟರ್‌ಗಿಂತ ಚಿಕ್ಕವು ಇದರ ಕಣ್ಣು ತಪ್ಪಿಸಬಹುದು. ಹಾಗಾಗಿ ಬೆರಾ ಕೆಟ್ಟಿದ್ದರೆ ಅದು ಸುಳಿವು, ಸರಿಯಿದ್ದರೆ ಖಾತ್ರಿಯಲ್ಲ. ಸಿ.ಟಿ. ಸ್ಕ್ಯಾನ್‌ನ ಕತೆಯೂ ಇದೇ. "ಸಿ.ಟಿ. ನಾರ್ಮಲ್ ಬಂದಿದೆ" ಎಂದು ಫೈಲು ಮುಚ್ಚಿಟ್ಟವರನ್ನು ನಾನು ಬಹಳ ನೋಡಿದ್ದೇನೆ.

ಎಂಆರ್‌ಐ: ಏನನ್ನು ಕೇಳಬೇಕು, ವರದಿಯಲ್ಲಿ ಏನನ್ನು ಓದಬೇಕು

ಚೀಟಿಯಲ್ಲಿ ಬರೀ 'ಮಿದುಳಿನ ಎಂಆರ್‌ಐ' ಎಂದಿದ್ದರೆ ಚಿಕ್ಕ ಗೆಡ್ಡೆ ತಪ್ಪಿಹೋಗಬಹುದು. ಮಾಮೂಲಿ ಮಿದುಳಿನ ಸ್ಕ್ಯಾನ್‌ನಲ್ಲಿ ಹೋಳುಗಳು ದಪ್ಪ. ಒಳಗಿವಿಯ ನಾಳವನ್ನು ತೆಳು ಹೋಳುಗಳಲ್ಲಿ ತೋರಿಸುವಂತೆ, ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ಚುಚ್ಚಿ ತೆಗೆದ ಎಂಆರ್‌ಐ ಬೇಕು. ಕಾಂಟ್ರಾಸ್ಟ್‌ಗೆ ಮೊದಲು ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ. ಮೂತ್ರಪಿಂಡ ಸರಿಯಿಲ್ಲದವರಿಗೆ, ಕಾಂಟ್ರಾಸ್ಟ್ ಇಲ್ಲದೆಯೇ ನಾಳದ ನೀರನ್ನು ಬೆಳ್ಳಗೆ ತೋರಿಸುವ ತೆಳು ಹೋಳಿನ ಚಿತ್ರಗಳಿಂದಲೂ ಗೆಡ್ಡೆ ಇದೆಯೇ ಇಲ್ಲವೇ ಎಂದು ಬಹುಮಟ್ಟಿಗೆ ಹೇಳಬಹುದು.

ಮಾವನ ವರದಿ ಬಂತು. ಎಡಗಡೆ ಒಳಗಿವಿಯ ನಾಳದಲ್ಲಿ ಹುಟ್ಟಿ ಹೊರಗೆ ಇಣುಕಿರುವ ಗೆಡ್ಡೆ, ನಾಳದ ಹೊರಗಿನ ಭಾಗ 8 ಮಿಲಿಮೀಟರ್. 'ವೆಸ್ಟಿಬುಲಾರ್ ಶ್ವಾನೋಮಾ' ಎಂದು ಬರೆದಿದ್ದರು. ಅಕೂಸ್ಟಿಕ್ ನ್ಯೂರೋಮಾದ ಸರಿಯಾದ ಹೆಸರು ಅದೇ. ಗೆಡ್ಡೆ ಹುಟ್ಟುವುದು ಕೇಳುವ ನರದಲ್ಲಲ್ಲ, ಅದಕ್ಕೆ ಅಂಟಿಕೊಂಡೇ ಸಾಗುವ ಸಮತೋಲನದ ನರದ ಹೊದಿಕೆಯಲ್ಲಿ.

ಈ ಜಾಗದ ನಕ್ಷೆ ತಲೆಯಲ್ಲಿ ಇದ್ದರೆ ಮುಂದಿನದೆಲ್ಲ ಸುಲಭ. ಕಿವಿಯ ಹಿಂದಿನ ಮೂಳೆಯೊಳಗೆ ಸುಮಾರು ಒಂದು ಸೆಂಟಿಮೀಟರ್ ಉದ್ದದ ಕಿರಿದಾದ ಸುರಂಗವಿದೆ. ಕೇಳುವ ನರ, ಸಮತೋಲನದ ನರಗಳು, ಮುಖದ ಸ್ನಾಯುಗಳನ್ನು ಆಡಿಸುವ ನರ, ಎಲ್ಲವೂ ಅದರಲ್ಲಿ ಒತ್ತಾಗಿ ಸಾಗುತ್ತವೆ. ಸುರಂಗ ದಾಟಿದ ಮೇಲೆ ನೀರು ತುಂಬಿದ ಒಂದು ಮೂಲೆ, ಅದರಾಚೆ ಮಿದುಳುಕಾಂಡ. ಗೆಡ್ಡೆ ಸುರಂಗದೊಳಗೇ ಇದ್ದರೆ ಒಂದನೇ ದರ್ಜೆ. ಮೂಲೆಗೆ ಇಣುಕಿದರೆ ಎರಡು. ಮೂಲೆಯನ್ನು ತುಂಬಿ ಮಿದುಳುಕಾಂಡವನ್ನು ಮುಟ್ಟಿದರೂ ತಳ್ಳದಿದ್ದರೆ ಮೂರು. ಅದನ್ನು ಪಕ್ಕಕ್ಕೆ ತಳ್ಳಿದ್ದರೆ ನಾಲ್ಕು. ವೈದ್ಯರು ಇದನ್ನು 'ಕೂಸ್ ಗ್ರೇಡ್' ಎನ್ನುತ್ತಾರೆ. ಮಾವನದು ಎರಡು.

ಇದು ಕ್ಯಾನ್ಸರ್ ಅಲ್ಲ, ಬೇರೆ ಅಂಗಕ್ಕೆ ಹಬ್ಬುವುದಿಲ್ಲ. ಅಪಾಯವಿರುವುದು ಜಾಗದಲ್ಲಿ. ನಾಲ್ಕನೇ ದರ್ಜೆ ತಲುಪಿದ್ದರೆ, ಅಥವಾ ಕೆನ್ನೆ ಜೋಮು ಹಿಡಿದರೆ, ನಡಿಗೆ ತೂರಾಡಿದರೆ, ಬೆಳಗಿನ ಹೊತ್ತು ತಲೆನೋವಿನೊಂದಿಗೆ ವಾಂತಿಯಾದರೆ, ಕಣ್ಣು ಮಂಜಾದರೆ ಮೂರು ದಾರಿಯ ಚರ್ಚೆಗೆ ಸಮಯವಿಲ್ಲ. ಅದು ನ್ಯೂರೋಸರ್ಜನ್ ಬಳಿ ಕೂಡಲೇ ಹೋಗಬೇಕಾದ ಸ್ಥಿತಿ. ಇನ್ನು ಎರಡೂ ಕಡೆ ಗೆಡ್ಡೆ ಇದ್ದರೆ, ಮೂವತ್ತರ ಒಳಗಿನ ವಯಸ್ಸಿನವರಲ್ಲಿ ಕಂಡರೆ, ಎನ್‌ಎಫ್2 ಎಂಬ ವಂಶವಾಹಿ ಕಾಯಿಲೆಯನ್ನು ಹುಡುಕಬೇಕು. ಅವರ ಲೆಕ್ಕವೇ ಬೇರೆ, ಈ ಲೇಖನ ಅವರಿಗೆ ಸಾಲದು.

ಮೊದಲ ದಾರಿ: ಸ್ಕ್ಯಾನ್ ಮಾಡುತ್ತಾ ಕಾಯುವುದು

ವರದಿ ಹಿಡಿದು ಮನೆಗೆ ಬಂದಾಗ ನಮ್ಮತ್ತೆಗೆ ಒಂದೇ ಹಟ. "ತಲೆ ಒಳಗೆ ಗೆಡ್ಡೆ ಮಡಿಕಂಡು ಕಾಯದಾ? ತೆಗೆಸಿಬುಡಿ." ಬಹಳಷ್ಟು ಮನೆಗಳಲ್ಲಿ ಇದೇ ಮಾತು ಬರುತ್ತದೆ, ಅದು ಸಹಜ. ಆದರೆ ಇಂಥ ಚಿಕ್ಕ ಗೆಡ್ಡೆಗಳಲ್ಲಿ ಬಹಳಷ್ಟು ವರ್ಷಗಟ್ಟಲೆ ಇದ್ದಷ್ಟೇ ಇರುತ್ತವೆ. ಬೆಳೆಯುವವೂ ಹೆಚ್ಚಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಲೆಕ್ಕದಲ್ಲಿ. ಕೆಲವು ತಾವಾಗಿ ಕುಗ್ಗುವುದೂ ಇದೆ.

ನಾರ್ವೆಯಲ್ಲಿ ನಡೆದ ಒಂದು ಪ್ರಯೋಗ ಈ ಮಾತಿಗೆ ಬಲ ಕೊಡುತ್ತದೆ. 2023ರಲ್ಲಿ ಪ್ರಕಟವಾದ ಅದರಲ್ಲಿ, ಹೊಸದಾಗಿ ಚಿಕ್ಕ-ಮಧ್ಯಮ ಗೆಡ್ಡೆ ಪತ್ತೆಯಾದ ನೂರು ಮಂದಿಯಲ್ಲಿ ಅರ್ಧ ಜನಕ್ಕೆ ತಕ್ಷಣ ವಿಕಿರಣ ಕೊಟ್ಟು, ಉಳಿದರ್ಧವನ್ನು ಸ್ಕ್ಯಾನ್ ಮಾಡುತ್ತಾ ಕಾಯಿಸಿದರು. ಚೀಟಿ ಎತ್ತಿದಂತೆ ಹಂಚಿದ ಗುಂಪುಗಳು. ನಾಲ್ಕು ವರ್ಷದ ನಂತರ ವಿಕಿರಣ ಪಡೆದವರ ಗೆಡ್ಡೆ ಕುಗ್ಗಿತ್ತು, ಅದು ಸ್ಪಷ್ಟ. ಆದರೆ ಕಿವಿ ಕೇಳುವುದು, ಮೊರೆತ, ತಲೆಸುತ್ತು, ದಿನನಿತ್ಯದ ಬದುಕು ಇವುಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕಾದವರಲ್ಲಿ ನೂರಕ್ಕೆ 44 ಮಂದಿಗೆ ಆ ನಾಲ್ಕು ವರ್ಷದೊಳಗೆ ಚಿಕಿತ್ಸೆ ಬೇಕಾಯಿತು. ಮಿಕ್ಕವರಿಗೆ ಬೇಕಾಗಲಿಲ್ಲ. ಅಂದರೆ ಕಾಯುವುದರಿಂದ ಚಿಕಿತ್ಸೆ ತಪ್ಪುತ್ತದೆ ಎಂಬ ಭರವಸೆಯಿಲ್ಲ, ಕಾದದ್ದರಿಂದ ಕೆಡುಕಾಗುತ್ತದೆ ಎಂಬ ಭಯವೂ ಅಷ್ಟಾಗಿ ಬೇಡ.

ಕಾಯುವಾಗ ಒಂದನ್ನು ಒಪ್ಪಿಕೊಂಡೇ ಕಾಯಬೇಕು. ಗೆಡ್ಡೆ ಒಂದು ಕೂದಲಷ್ಟೂ ಬೆಳೆಯದಿದ್ದರೂ ಆ ಕಿವಿ ನಿಧಾನವಾಗಿ ಹೋಗುತ್ತಿರಬಹುದು. ಆಡಿಯಾಲಜಿಯಲ್ಲಿ 'ಉಪಯೋಗದ ಕಿವಿ' ಎನ್ನಲು ಒಂದು ಗೆರೆಯಿದೆ: ಸರಾಸರಿ 50 ಡೆಸಿಬೆಲ್ ಮೀರಿರಬಾರದು, ಮಾತಿನ ಅಂಕ 50ಕ್ಕಿಂತ ಇಳಿದಿರಬಾರದು. ಕಾದವರಲ್ಲಿ ಹತ್ತು ವರ್ಷದ ಹೊತ್ತಿಗೆ ಈ ಗೆರೆಯೊಳಗೆ ಉಳಿಯುವವರು ಅರ್ಧಕ್ಕಿಂತ ಕಡಿಮೆ. ಬೇಜಾರಿನ ಮಾತೆಂದರೆ ವಿಕಿರಣ ಪಡೆದವರ ಲೆಕ್ಕವೂ ಬಹುತೇಕ ಇದೇ. ಆದ್ದರಿಂದ "ಕಿವಿ ಉಳಿಸಿಕೊಳ್ಳಲು ಈಗಲೇ ಏನಾದರೂ ಮಾಡಿಸಿ" ಎಂದು ಯಾರಾದರೂ ಹೇಳಿದರೆ ಅವರ ಕೈಯಲ್ಲಿ ಯಾವ ಆಧಾರವಿದೆ ಎಂದು ಕೇಳಿ.

ಸ್ಕ್ಯಾನ್ ಸಾಮಾನ್ಯವಾಗಿ ಮೊದಲ ಆರು ತಿಂಗಳಿಗೆ ಒಂದು, ಆಮೇಲೆ ಐದು ವರ್ಷದವರೆಗೆ ವರ್ಷಕ್ಕೊಂದು. ಬೆಳೆಯುವ ಗೆಡ್ಡೆಗಳು ಹೆಚ್ಚಾಗಿ ಈ ಅವಧಿಯಲ್ಲೇ ಬಣ್ಣ ಬಯಲು ಮಾಡುತ್ತವೆ. ನಂತರ ಅಂತರ ಹೆಚ್ಚಿಸಬಹುದು, ಪೂರ್ತಿ ಬಿಡುವಂತಿಲ್ಲ. ಪ್ರತಿ ಸಲ ಆಡಿಯೋಗ್ರಾಮ್ ಕೂಡ ಆಗಲಿ.

ಈಗ ಮಾವನ ಲೆಕ್ಕಕ್ಕೆ ಬರೋಣ. ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡಬಲ್ಲಿರಾದರೆ ಇದನ್ನು ಇಡಿ. ಮೊದಲ ಸ್ಕ್ಯಾನ್‌ನಲ್ಲಿ 8 ಮಿ.ಮೀ. ಆರು ತಿಂಗಳಿಗೆ 8. ಒಂದೂವರೆ ವರ್ಷಕ್ಕೆ 9.5. ಎರಡೂವರೆ ವರ್ಷಕ್ಕೆ 11. ಪ್ರತಿ ವರದಿಯ ಕೊನೆಯಲ್ಲೂ ಇದ್ದ ಸಾಲು ಒಂದೇ: "ಹಿಂದಿನ ಸ್ಕ್ಯಾನ್‌ಗೆ ಹೋಲಿಸಿದರೆ ಗಮನಾರ್ಹ ಬದಲಾವಣೆ ಇಲ್ಲ." ಅದು ಸುಳ್ಳಲ್ಲ. ಅಳತೆಯಲ್ಲಿ ಎರಡು ಮಿಲಿಮೀಟರ್ ಒಳಗಿನ ಏರಿಳಿತವನ್ನು ಸಾಮಾನ್ಯವಾಗಿ ಬೆಳವಣಿಗೆ ಎಂದು ಎಣಿಸುವುದಿಲ್ಲ. ಹೋಳು ಸ್ವಲ್ಪ ಓರೆಯಾದರೂ ಅಷ್ಟು ಹೆಚ್ಚುಕಡಿಮೆ ಬರುತ್ತದೆ. ಒಂದೂವರೆ, ಮತ್ತೊಂದೂವರೆ, ಎರಡೂ ಆ ಗೆರೆಯೊಳಗೇ. ಆದರೆ ಮೊದಲ ಚಿತ್ರದ ಪಕ್ಕ ಕೊನೆಯ ಚಿತ್ರ ಇಟ್ಟರೆ 3 ಮಿ.ಮೀ. ಬೆಳೆದಿದೆ. ನಾವದನ್ನು ಕಂಡುಕೊಂಡದ್ದು ನ್ಯೂರೋಸರ್ಜನ್ ಒಬ್ಬರು ಎಲ್ಲ ಸಿ.ಡಿ.ಗಳನ್ನೂ ಕೇಳಿ, ಪರದೆಯ ಮೇಲೆ ಮೊದಲನೆಯದನ್ನೂ ಕೊನೆಯದನ್ನೂ ಅಕ್ಕಪಕ್ಕ ತೆರೆದಾಗ. ಆ ತನಕ ನಾನೇ ವರದಿಗಳನ್ನು ಓದಿ ನಿಶ್ಚಿಂತೆಯಾಗಿದ್ದೆ, ವೃತ್ತಿಯವಳಾಗಿಯೂ.

ಅದಕ್ಕೇ ಹೇಳುವುದು: ವರದಿಯ ಹಾಳೆಗಿಂತ ಸಿ.ಡಿ. ಮುಖ್ಯ. ಪ್ರತಿ ಸಲ ಸಿ.ಡಿ. ಕೇಳಿ ಪಡೆದು, ಅದರ ಮೇಲೆ ತಾರೀಕು ಬರೆದು, ಮನೆಯ ಪಹಣಿ ಪತ್ರಗಳ ಜೊತೆ ಇಡಿ. ಸಾಧ್ಯವಾದಷ್ಟೂ ಒಂದೇ ಸ್ಕ್ಯಾನಿಂಗ್ ಕೇಂದ್ರದಲ್ಲಿ ಮಾಡಿಸಿ. ಹೋಲಿಕೆ ಹಿಂದಿನದಕ್ಕೆ ಮಾತ್ರವಲ್ಲ, ಮೊದಲನೆಯದಕ್ಕೂ ಆಗಬೇಕು ಎಂದು ಬಾಯಿಬಿಟ್ಟು ಹೇಳಿ. ಅಳತೆ ನಾಳದ ಹೊರಗಿನ ಭಾಗದ್ದೋ, ನಾಳವೂ ಸೇರಿದ ಪೂರ್ತಿ ಉದ್ದವೋ ಎಂದೂ ಕೇಳಿ. ಒಂದು ವರ್ಷ ಹೀಗೆ, ಮರುವರ್ಷ ಹಾಗೆ ಅಳೆದರೆ 8 ಇದ್ದದ್ದು ಒಮ್ಮೆಲೇ 17 ಆಗಿ ಮನೆಮಂದಿಯ ಎದೆ ಒಡೆಯುತ್ತದೆ.

ಬೆಳೆಯುತ್ತಿದೆ ಎಂದಾದ ಮೇಲೆ

ಆಗ ಮಾವನ ಎಡಗಿವಿ 62 ಡೆಸಿಬೆಲ್‌ಗೆ ಇಳಿದು, ಮಾತಿನ ಅಂಕ 24 ಆಗಿತ್ತು. ಉಪಯೋಗದ ಗೆರೆ ದಾಟಿಯಾಗಿತ್ತು. ಇದು ದುಃಖದ ಸುದ್ದಿಯಾದರೂ ಆಯ್ಕೆಯನ್ನು ಸರಳ ಮಾಡಿತು. ಉಳಿಸಿಕೊಳ್ಳಬೇಕಾದ ಕಿವಿ ಇಲ್ಲದಿದ್ದಾಗ, ಪ್ರಶ್ನೆ ಒಂದೇ ಉಳಿಯುತ್ತದೆ: ಗೆಡ್ಡೆಯನ್ನು ನಿಲ್ಲಿಸುವಾಗ ಮುಖದ ನರಕ್ಕೆ ಕಡಿಮೆ ಅಪಾಯ ಯಾವುದರಲ್ಲಿ?

ನಾವು ಇಬ್ಬರು ವೈದ್ಯರನ್ನು ಕಂಡೆವು. ಬೇಕೆಂದೇ. ಆಪರೇಷನ್ ಮಾತ್ರ ಮಾಡುವವರಿಗೆ ಆಪರೇಷನ್ ಸರಿ ಎನಿಸುತ್ತದೆ, ವಿಕಿರಣ ಮಾತ್ರ ಕೊಡುವವರಿಗೆ ವಿಕಿರಣ. ಅದರಲ್ಲಿ ಮೋಸವೇನೂ ಇಲ್ಲ, ಮನುಷ್ಯನ ಕೈ ಪಳಗಿದ ಕಡೆ ಮನಸ್ಸೂ ಹೋಗುತ್ತದೆ. ಎರಡನ್ನೂ ಒಂದೇ ಸೂರಿನಡಿ ಚರ್ಚಿಸುವ ಆಸ್ಪತ್ರೆ ಸಿಕ್ಕರೆ ಇನ್ನೂ ಒಳ್ಳೆಯದು.

ಎರಡನೇ ದಾರಿ: ವಿಕಿರಣ

ಮಾವ ಕೊನೆಗೆ ಆರಿಸಿಕೊಂಡದ್ದು ಇದನ್ನೇ, ಗಾಮಾ ನೈಫ್ ಎಂಬ ಯಂತ್ರದಲ್ಲಿ. ಹೆಸರಿನಲ್ಲಿ ಕತ್ತಿ ಇದೆ, ಕೊಯ್ಯುವುದು ಮಾತ್ರ ಏನೂ ಇಲ್ಲ. ಸುಮಾರು ಇನ್ನೂರು ಸಣ್ಣ ಕಿರಣಗಳನ್ನು ಬೇರೆ ಬೇರೆ ದಿಕ್ಕಿನಿಂದ ಬಿಟ್ಟು, ಎಲ್ಲವೂ ಗೆಡ್ಡೆಯ ಮೇಲೆ ಮಾತ್ರ ಕೂಡುವಂತೆ ಮಾಡುತ್ತಾರೆ. ಒಂದೊಂದು ಕಿರಣ ದುರ್ಬಲ, ಕೂಡಿದ ಜಾಗದಲ್ಲಿ ಬಲಶಾಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಯಂತ್ರವಿದೆ. ಲೀನಿಯರ್ ಆಕ್ಸಿಲರೇಟರ್, ಸೈಬರ್ ನೈಫ್ ಯಂತ್ರಗಳಲ್ಲೂ ಇದೇ ಚಿಕಿತ್ಸೆ ಕೊಡುತ್ತಾರೆ. ಒಂದೇ ದಿನಕ್ಕೆ ಬದಲು ಮೂರು-ಐದು ದಿನಕ್ಕೆ ಹಂಚಿ ಕೊಡುವುದೂ ಉಂಟು.

ಬೆಳಿಗ್ಗೆ ತಲೆಗೆ ನಾಲ್ಕು ಜಾಗದಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಲೋಹದ ಚೌಕಟ್ಟು ಬಿಗಿಯುತ್ತಾರೆ. ದಿನದಲ್ಲಿ ನೋವೆನಿಸುವುದು ಅದೊಂದೇ. ಚೌಕಟ್ಟಿನೊಂದಿಗೇ ಎಂಆರ್‌ಐ, ನಂತರ ವೈದ್ಯರೂ ಭೌತವಿಜ್ಞಾನಿಯೂ ಕೂತು ಯೋಜನೆ ಹಾಕುತ್ತಾರೆ. ಗೆಡ್ಡೆಯ ಅಂಚಿಗೆ ಬೀಳುವ ಪ್ರಮಾಣ ಸಾಮಾನ್ಯವಾಗಿ 12ರಿಂದ 13 ಗ್ರೇ. ಯಂತ್ರದೊಳಗೆ ಮಲಗುವುದು ಒಂದು ಗಂಟೆಯ ಆಸುಪಾಸು. ಮಾವ ಅಲ್ಲೇ ನಿದ್ದೆ ಹೋಗಿದ್ದರಂತೆ. ಮರುದಿನ ಊರಿಗೆ ಬಂದು ಕಬ್ಬಿನ ಲೋಡು ಎಣಿಸುತ್ತಿದ್ದರು.

ವಿಕಿರಣದ ಗುರಿ ಗೆಡ್ಡೆಯನ್ನು ಮಾಯ ಮಾಡುವುದಲ್ಲ, ಬೆಳೆಯದಂತೆ ನಿಲ್ಲಿಸುವುದು. ನೂರಕ್ಕೆ 90ಕ್ಕೂ ಹೆಚ್ಚು ಮಂದಿಯಲ್ಲಿ ಅದು ನಿಲ್ಲುತ್ತದೆ. ಮುಖದ ನರಕ್ಕೆ ಶಾಶ್ವತ ಪೆಟ್ಟು ಬೀಳುವುದು ಇಂದಿನ ಪ್ರಮಾಣಗಳಲ್ಲಿ ಅಪರೂಪ. ಕೆಲವರಿಗೆ ಕೆನ್ನೆ ಜೋಮು, ಕೆಲ ತಿಂಗಳು ತೂಕ ತಪ್ಪಿದಂತಾಗುವುದು ಇರುತ್ತದೆ. "ವಿಕಿರಣದಿಂದಲೇ ಕ್ಯಾನ್ಸರ್ ಬರುತ್ತದಂತೆ" ಎಂಬ ಮಾತು ಪೂರ್ತಿ ಸುಳ್ಳಲ್ಲ, ಆದರೆ ಸಾವಿರಾರು ಮಂದಿಯಲ್ಲಿ ಒಬ್ಬರಿಗೆ ಎಂಬಷ್ಟು ವಿರಳ. ಮುಂದೆ ಹಲವು ದಶಕ ಬದುಕಬೇಕಾದ ಎಳೆಯ ವಯಸ್ಸಿನವರು ಅದನ್ನೂ ತಕ್ಕಡಿಗೆ ಹಾಕಬೇಕು, 57ರ ಮಾವನಿಗೆ ಅದು ಅಷ್ಟು ತೂಗಲಿಲ್ಲ.

ಮಿತಿಯೂ ಇದೆ. ಗೆಡ್ಡೆ ಎರಡೂವರೆ-ಮೂರು ಸೆಂಟಿಮೀಟರ್ ದಾಟಿದರೆ ಈ ದಾರಿ ಸಾಮಾನ್ಯವಾಗಿ ಮುಚ್ಚುತ್ತದೆ. ಯಾಕೆಂದರೆ ವಿಕಿರಣ ಬಿದ್ದ ಗೆಡ್ಡೆ ಕುಗ್ಗುವ ಮೊದಲು ಊದಿಕೊಳ್ಳಬಹುದು, ಮಿದುಳುಕಾಂಡವನ್ನು ಆಗಲೇ ತಳ್ಳಿರುವ ಗೆಡ್ಡೆಗೆ ಊದಲು ಜಾಗವಿಲ್ಲ.

ಈ ಊತವೇ ಅನೇಕರನ್ನು ಹೆದರಿಸಿ ತಪ್ಪು ತೀರ್ಮಾನಕ್ಕೆ ತಳ್ಳುವುದು. ಮಾವನಿಗೆ ವಿಕಿರಣವಾದ ಆರು ತಿಂಗಳಿಗೆ ತೆಗೆದ ಸ್ಕ್ಯಾನ್‌ನಲ್ಲಿ 11 ಇದ್ದದ್ದು 13 ಆಗಿತ್ತು. ಅತ್ತೆ ನನಗೆ ಫೋನ್ ಮಾಡಿ ಅತ್ತರು. ಆದರೆ ಅದೇ ಚಿತ್ರದಲ್ಲಿ ಇನ್ನೊಂದು ಗುರುತಿತ್ತು. ಮೊದಲು ಕಾಂಟ್ರಾಸ್ಟ್ ಹೀರಿ ಪೂರ್ತಿ ಬೆಳ್ಳಗೆ ಹೊಳೆಯುತ್ತಿದ್ದ ಗೆಡ್ಡೆಯ ನಡುವೆ ಈಗ ಕಪ್ಪು. ಒಳಗಿನ ಜೀವಕೋಶಗಳು ಸಾಯುತ್ತಿರುವ ಲಕ್ಷಣ ಅದು. ಹೀಗೆ ಊದುವುದು ಮೊದಲ ಒಂದೂವರೆ ವರ್ಷದಲ್ಲಿ ಸಾಮಾನ್ಯ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ. ಲಕ್ಷಣಗಳು ಉಲ್ಬಣವಾಗದಿದ್ದರೆ ಎರಡು-ಮೂರು ವರ್ಷದೊಳಗಿನ ಒಂದು ಸ್ಕ್ಯಾನ್ ನೋಡಿ 'ವಿಕಿರಣ ಸೋತಿತು' ಎಂದು ಆಪರೇಷನ್‌ಗೆ ಹೊರಡಬಾರದು. ವಿಕಿರಣದ ನಂತರದ ಆಪರೇಷನ್‌ನಲ್ಲಿ ಗೆಡ್ಡೆ ಮುಖದ ನರಕ್ಕೆ ಹೆಚ್ಚು ಅಂಟಿಕೊಂಡಿದ್ದು, ಬಿಡಿಸುವುದು ಕಷ್ಟ. ಒಂದೂವರೆ ವರ್ಷಕ್ಕೆ ಮಾವನ ಗೆಡ್ಡೆ 12ಕ್ಕೆ ಇಳಿಯಿತು, ಮೂರು ವರ್ಷಕ್ಕೆ 10.

ಮೂರನೇ ದಾರಿ: ಆಪರೇಷನ್

ಮಾವನ ಗೆಡ್ಡೆ ಮೂರು ಸೆಂಟಿಮೀಟರ್ ಇದ್ದಿದ್ದರೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ, ಆಪರೇಷನ್ ಒಂದೇ ದಾರಿ. ಮಿದುಳುಕಾಂಡ ತಳ್ಳಿದ್ದು, ತಲೆಯಲ್ಲಿ ನೀರು ಕಟ್ಟಿದ್ದು, ಗೆಡ್ಡೆಯೊಳಗೆ ನೀರಿನ ಚೀಲಗಳಿದ್ದು ಬೇಗ ಉಬ್ಬುತ್ತಿದ್ದರೆ ಹಾಗೆಯೇ. ಗೆಡ್ಡೆ ತೀರಾ ಚಿಕ್ಕದಿದ್ದು, ಕಿವಿ ಇನ್ನೂ ಚೆನ್ನಾಗಿದ್ದು, ವಯಸ್ಸು ಚಿಕ್ಕದಾಗಿದ್ದರೂ ಕೆಲವರು ಇದನ್ನು ಆರಿಸುತ್ತಾರೆ.

ಒಳಹೊಗುವ ದಾರಿ ಮೂರು. ಕಿವಿಯ ಹಿಂದೆ ತಲೆಬುರುಡೆ ತೆರೆದು ಹೋಗುವುದು ನ್ಯೂರೋಸರ್ಜನ್‌ಗಳಿಗೆ ಹೆಚ್ಚು ಬಳಕೆಯದು, ಇದರಲ್ಲಿ ಕಿವಿ ಉಳಿಯುವ ಸಾಧ್ಯತೆ ಸ್ವಲ್ಪವಾದರೂ ಇದೆ, ನಂತರ ತಲೆನೋವು ಕೆಲವರನ್ನು ಕಾಡುತ್ತದೆ. ಒಳಗಿವಿಯನ್ನೇ ಕೊರೆದು ಹೋಗುವುದು ಇನ್ನೊಂದು. ಇದರಲ್ಲಿ ಆ ಕಿವಿ ಪೂರ್ತಿ ಹೋಗುತ್ತದೆ, ಬದಲಿಗೆ ಮಿದುಳನ್ನು ಹೆಚ್ಚು ಸರಿಸದೆ ಮುಖದ ನರವನ್ನು ಬೇಗ ಗುರುತಿಸಬಹುದು. ಕಿವಿಯ ಮೇಲ್ಗಡೆಯಿಂದ ಹೋಗುವುದು ಸುರಂಗದೊಳಗಿನ ಚಿಕ್ಕ ಗೆಡ್ಡೆಗೆ ಮಾತ್ರ.

ಸರ್ಜನ್ ಬಳಿ ಕೇಳಬೇಕಾದದ್ದು "ಪೂರ್ತಿ ತೆಗೀತೀರಾ?" ಎಂದಲ್ಲ. "ನನ್ನ ಗಾತ್ರದ ಗೆಡ್ಡೆ ವರ್ಷಕ್ಕೆ ಎಷ್ಟು ಮಾಡುತ್ತೀರಿ, ಒಂದು ವರ್ಷದ ನಂತರ ಅವರಲ್ಲಿ ಎಷ್ಟು ಜನ ಕಣ್ಣು ಪೂರ್ತಿ ಮುಚ್ಚುತ್ತಾರೆ?" ಎಂದು ಕೇಳಿ. ಮುಖದ ನರದ ಗತಿ ಗೆಡ್ಡೆಯ ಗಾತ್ರದ ಮೇಲೂ ಕೈಯ ಪಳಗುವಿಕೆಯ ಮೇಲೂ ನಿಂತಿದೆ. ಆಪರೇಷನ್ ಉದ್ದಕ್ಕೂ ಮುಖದ ನರವನ್ನು ಯಂತ್ರದಿಂದ ಗಮನಿಸುತ್ತಾರೆಯೇ ಎಂಬುದನ್ನೂ ಕೇಳಿ. ಒಳ್ಳೆಯ ಸರ್ಜನ್ ನರಕ್ಕೆ ಅಂಟಿದ ತೆಳು ಪದರವನ್ನು ಬೇಕೆಂದೇ ಬಿಟ್ಟು ಬರಬಹುದು, ಬಿಟ್ಟದ್ದು ಬೆಳೆದರೆ ವಿಕಿರಣ ಇದ್ದೇ ಇದೆ. ಅದನ್ನು ಅರ್ಧಂಬರ್ಧ ಕೆಲಸ ಎಂದುಕೊಳ್ಳಬೇಡಿ.

ಮನೆಗೆ ಬಂದ ಮೇಲೆ ಎರಡನ್ನು ಗಮನಿಸಿ. ಬಾಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ಗಂಟಲಿಗೆ ಉಪ್ಪುಪ್ಪಾಗಿ ಇಳಿದರೆ ಅದು ನೆಗಡಿಯಲ್ಲ, ಮಿದುಳಿನ ಸುತ್ತಲಿನ ನೀರು ಸೋರುತ್ತಿದೆ. ಆ ದಿನವೇ ಆಸ್ಪತ್ರೆಗೆ ಹೋಗಬೇಕು, ಬಿಟ್ಟರೆ ಮೆದುಳುಪೊರೆಗೆ ಸೋಂಕು ತಗಲಬಹುದು. ಎರಡನೆಯದು ಕಣ್ಣು. ಮುಖದ ಒಂದು ಬದಿ ಸೊಟ್ಟಗಾಗಿ ರೆಪ್ಪೆ ಮುಚ್ಚದಿದ್ದರೆ ಹಗಲು ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಟೇಪು ಅಂಟಿಸಬೇಕು. ಮುಖ ತಿಂಗಳುಗಳಲ್ಲಿ ಚೇತರಿಸಿಕೊಳ್ಳಬಹುದು, ಒಣಗಿ ಹುಣ್ಣಾದ ಕಣ್ಣುಗುಡ್ಡೆ ಹಾಗಲ್ಲ.

ಮೊರೆತ ಮತ್ತು ಉಳಿದ ಕಿವಿ

ಮೂರು ದಾರಿಯಲ್ಲಿ ಯಾವುದೂ ಜೀರುಂಡೆಯನ್ನು ಓಡಿಸುತ್ತದೆಂದು ಮಾತು ಕೊಡುವುದಿಲ್ಲ. ಗೆಡ್ಡೆ ತೆಗೆದ ಮೇಲೂ ಮೊರೆತ ಉಳಿಯಬಹುದು, ಯಾಕೆಂದರೆ ಕಿವಿಯಿಂದ ಸುದ್ದಿ ಬರುವುದು ನಿಂತಾಗ ಆ ಸದ್ದನ್ನು ಹುಟ್ಟಿಸುವುದರಲ್ಲಿ ಮಿದುಳಿನ ಪಾಲೂ ಇದೆ. ಅದೊಂದಕ್ಕೇ ಆಪರೇಷನ್ ಮಾಡಿಸಿಕೊಳ್ಳುವುದು ನನ್ನ ಮಟ್ಟಿಗೆ ತಪ್ಪು ಕಾರಣ. ಮಾವ ಈಗ ರಾತ್ರಿ ಫ್ಯಾನ್ ಹಾಕಿ, ಪಕ್ಕದಲ್ಲಿ ರೇಡಿಯೋ ಸಣ್ಣಗೆ ಇಟ್ಟು ಮಲಗುತ್ತಾರೆ. ಪೂರ್ತಿ ನಿಶ್ಶಬ್ದವೇ ಅದಕ್ಕೆ ಗೊಬ್ಬರ.

ಒಂದು ಕಿವಿಯವರಿಗೆ ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯುವುದಿಲ್ಲ. ಮೈಸೂರು–ಬೆಂಗಳೂರು ರಸ್ತೆ ಪಕ್ಕದಲ್ಲಿ ಹಾರ್ನ್ ಕೇಳಿದರೆ ಮಾವ ಈಗ ನಿಂತು, ಎರಡೂ ಕಡೆ ತಿರುಗಿ ನೋಡಿಯೇ ಹೆಜ್ಜೆ ಇಡುವುದು. ಮೊದಲ ತಿಂಗಳಲ್ಲಿ ಒಂದು ಬೈಕು ತಗುಲುವುದು ತಪ್ಪಿದ ಮೇಲೆ ಕಲಿತ ಅಭ್ಯಾಸ. ಕತ್ತಲಲ್ಲಿ ಗದ್ದೆ ಬದುವಿನ ಮೇಲೆ ಟಾರ್ಚಿಲ್ಲದೆ ನಡೆಯುವುದಿಲ್ಲ. ಒಂದು ಬದಿಯ ಸಮತೋಲನದ ನರ ಕೆಟ್ಟವರಿಗೆ ಕಣ್ಣು, ಪಾದ ಎರಡೂ ಆಸರೆ ಕೊಡಬೇಕು. ಅದಕ್ಕೆಂದೇ ಫಿಸಿಯೋಥೆರಪಿ ವ್ಯಾಯಾಮಗಳಿವೆ. ಕೇಳದ ಕಿವಿಯ ಕಡೆಯ ಸದ್ದನ್ನು ಹಿಡಿದು ಕೇಳುವ ಕಿವಿಗೆ ದಾಟಿಸುವ 'ಕ್ರಾಸ್' ಶ್ರವಣ ಸಾಧನ ಬರುತ್ತದೆ. ಸಭೆ, ಅಂಗಡಿ ವ್ಯವಹಾರ ಇರುವವರಿಗೆ ಅದು ಉಪಯೋಗ. ಕೊಳ್ಳುವ ಮೊದಲು ಕೆಲ ದಿನ ಹಾಕಿ ನೋಡಲು ಕೇಳಿ. ಮಾವ ಹಾಕಿ ನೋಡಿ, "ಗಾಣದ ಸದ್ದು ಎರಡು ಪಾಲಾಯ್ತು ಕನವ್ವ" ಎಂದು ತಿರುಗಿ ಕೊಟ್ಟರು.

ಗಾಣದ ಮುಂದೆ ನಿಂತಾಗ ಮಾತ್ರ ಅವರು ಎರಡೂ ಕಿವಿಗೆ ಮಫ್ ಹಾಕಲೇಬೇಕೆಂದು ನಾನು ಹಟ ಹಿಡಿದಿದ್ದೇನೆ. ಎಡಗಿವಿ ಕೆಟ್ಟದ್ದು ಗಾಣದಿಂದ ಅಲ್ಲದಿರಬಹುದು, ಬಲಗಿವಿಯನ್ನು ಗಾಣ ಕೆಡಿಸಬಲ್ಲದು. ಆ ಬಲಗಿವಿಯಲ್ಲಿ ಒಂದು ಬೆಳಿಗ್ಗೆ ಏನಾದರೂ ಮಂದ ಅನಿಸಿದರೆ ಸಂಜೆಯ ಬಸ್ಸಿಗೆ ಕಾಯದೆ ಹೊರಡಬೇಕೆಂದು ಅತ್ತೆಗೂ ಹೇಳಿಟ್ಟಿದ್ದೇನೆ. ಮುಂದಿನ ಸ್ಕ್ಯಾನ್ ಈ ಸಲದ ಕಬ್ಬು ಕಟಾವು ಮುಗಿದ ಮೇಲೆ.